ನಾನು ಕಳ್ಳಿ ಎಂದು ಕರೆದ ಹುಡುಗಿಯ ಪ್ರಬಂಧ

ಹೊಸನಗರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ನನಗೆ ನನ್ನ ಮೂಗಿನ ಬಗ್ಗೆ ಬಹಳ ಹೆಮ್ಮೆಯಿತ್ತು. ವಿದ್ಯಾರ್ಥಿಗಳ ಪ್ರಬಂಧದಲ್ಲಿ ಯಾವ ವಾಕ್ಯ ಎಲ್ಲಿಂದ ಬಂತು ಎಂದು ವಾಸನೆಯಲ್ಲೇ ಹೇಳಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಸಹೋದ್ಯೋಗಿಗಳು ನಗುತ್ತಿದ್ದರು. ಆ ನಗುವನ್ನು ಮೆಚ್ಚುಗೆ ಎಂದುಕೊಂಡಿದ್ದೆ, ಬಹುಶಃ ಅರ್ಧ ಮಾತ್ರ ಮೆಚ್ಚುಗೆ.

ಕೋಪವೂ ನನಗೆ ಮೂಗಿನ ತುದಿಯಲ್ಲೇ. ತಿದ್ದಿದ ಪ್ರಬಂಧಗಳನ್ನು ಹಿಂತಿರುಗಿಸುವ ದಿನ ಅತ್ಯುತ್ತಮವಾದದ್ದನ್ನೂ ಅತಿ ಕೆಟ್ಟದ್ದನ್ನೂ ತರಗತಿಯಲ್ಲಿ ಗಟ್ಟಿಯಾಗಿ ಓದುವುದು ನಾನೇ ಹುಟ್ಟುಹಾಕಿದ್ದ ಪದ್ಧತಿ. ಹೀಗೆ ಓದಿದರೆ ಉಳಿದವರಿಗೂ ಬುದ್ಧಿ ಬರುತ್ತದೆ ಎನ್ನುವುದು ನನ್ನ ವಾದವಾಗಿತ್ತು.

ಆ ವರ್ಷ ಕೊನೆಯ ವರ್ಷದ ಬಿ.ಎ. ಮಕ್ಕಳಿಗೆ ಸುತ್ತಲಿನ ಯಾವುದಾದರೂ ಐತಿಹಾಸಿಕ ಸ್ಥಳದ ಬಗ್ಗೆ ಸ್ವಂತ ಮಾತಿನಲ್ಲಿ ಪ್ರಬಂಧ ಬರೆಯಿರಿ ಎಂದಿದ್ದೆ. ಅದರ ಅಂಕ ಆಂತರಿಕ ಅಂಕಕ್ಕೆ ಸೇರುತ್ತಿತ್ತು. ಹೆಚ್ಚಿನವರು ಕೆಳದಿಯನ್ನು ಆರಿಸಿಕೊಂಡರು. ಹತ್ತಿರದ ನಗರ ಎಂಬ ಊರಿನಿಂದ ಬರುತ್ತಿದ್ದ ಒಬ್ಬ ಹುಡುಗಿ ತನ್ನೂರಿನ ಕೋಟೆಯ ಬಗ್ಗೆ ಬರೆದಳು. ಹಿಂದಿನ ಬೆಂಚಿನವಳು, ಹೆಚ್ಚು ಮಾತಾಡುವವಳಲ್ಲ. ಬಿ.ಎಡ್. ಮಾಡಿ ಮೇಷ್ಟ್ರಾಗಬೇಕು ಎಂದು ಒಮ್ಮೆ ಹೇಳಿದ್ದು ಬಿಟ್ಟರೆ ಅವಳ ದನಿ ನನಗೆ ನೆನಪಿರಲಿಲ್ಲ.

ಅವಳ ಪ್ರಬಂಧದ ಎರಡನೇ ಪುಟದಲ್ಲೇ ನನ್ನ ಮೂಗು ಎಚ್ಚರವಾಯಿತು. "ಕೋಟೆಯೊಳಗಿನ ಕೊಳಗಳು ಮುತ್ತಿಗೆಯ ಸಮಯದಲ್ಲಿ ನೀರಿನ ಆಧಾರವಾಗಿದ್ದವು." ಇದು ಇಪ್ಪತ್ತರ ಹುಡುಗಿಯ ವಾಕ್ಯವಲ್ಲ ಅನ್ನಿಸಿತು. ಕೊನೆಯಲ್ಲಿ ಅವಳು ಒಂದು ಪುಸ್ತಕದ ಹೆಸರು, ಪುಟಸಂಖ್ಯೆ ಎರಡನ್ನೂ ಬರೆದಿದ್ದಳು. ಲೈಬ್ರರಿಗೆ ಹೋಗಿ ತೆಗೆದು ನೋಡಿದರೆ, "ಕೋಟೆಯ ಒಳಗಿನ ಕೊಳಗಳು ಮುತ್ತಿಗೆಯ ಕಾಲದಲ್ಲಿ ನೀರಿನ ಆಸರೆಯಾಗಿದ್ದವು." ಕಾಲ ಹೋಗಿ ಸಮಯ ಬಂದಿದೆ, ಆಸರೆ ಹೋಗಿ ಆಧಾರ ಬಂದಿದೆ, ಅಷ್ಟೇ. ಅಂಥ ಇನ್ನೂ ಎರಡು ಪ್ಯಾರಾ ಸಿಕ್ಕವು. ನನಗಾದ ಖುಷಿಯನ್ನು ಮುಚ್ಚಿಡುವುದೇಕೆ, ನಿಜವಾಗಿಯೂ ಖುಷಿಯಾಯಿತು. ಪ್ರಬಂಧದ ಮೇಲೆ ಕೆಂಪು ಪೆನ್ನಿನಲ್ಲಿ "ಕದ್ದದ್ದು" ಎಂದು ಬರೆದು, ಕೆಳಗೆ ಸೊನ್ನೆ ಸುತ್ತಿದೆ.

ಮರುದಿನ ತರಗತಿಯಲ್ಲಿ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಅವಳ ಹಾಳೆ ಹಿಡಿದು ಒಂದು ವಾಕ್ಯ ಅದರದು, ಒಂದು ವಾಕ್ಯ ಇದರದು ಎಂದು ಓದಿದೆ. ಮಕ್ಕಳು ನಕ್ಕರು. ನಗಲಿ ಎಂದೇ ಓದಿದ್ದೆ.

"ಎದ್ದು ನಿಲ್ಲು. ಇದನ್ನ ಏನಂತ ಕರೀತಾರೆ?"

ಅವಳು ಎದ್ದು ನಿಂತಳು. "ಪುಸ್ತಕದ ಹೆಸ್ರು ಹಾಕಿದೀನಿ ಮೇಡಂ," ಎಂದಳು.

"ಹೆಸರು ಹಾಕಿಬಿಟ್ರೆ ಕಳ್ಳತನ ಅಲ್ವಾ? ನಾಳೆ ಮೇಷ್ಟ್ರಾಗಿ ಮಕ್ಕಳಿಗೂ ಇದನ್ನೇ ಕಲಿಸ್ತೀಯಾ, ಕಳ್ಳಿ?"

ಕೊನೆಯ ಪದ ನಾನು ಯೋಚಿಸಿ ಆಡಿದ್ದಲ್ಲ. ಆದರೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವಳು ಅಳಲಿಲ್ಲ, ಕೂತಳು. ಮರುದಿನದಿಂದ ಕಾಲೇಜಿಗೆ ಬರಲಿಲ್ಲ.

ಆ ಭಾನುವಾರ, ಅಂಕ ದಾಖಲಿಸಲೆಂದು ಮಕ್ಕಳಿಂದ ವಾಪಸ್ ಪಡೆದಿದ್ದ ಪ್ರಬಂಧಗಳ ಕಟ್ಟನ್ನೂ ಆ ಪುಸ್ತಕವನ್ನೂ ಹಿಡಿದು ಸಾಗರದ ನಮ್ಮ ಮನೆಯಿಂದ ತೀರ್ಥಹಳ್ಳಿಗೆ ಹೋದೆ. ಅಲ್ಲಿಯ ಕಾಲೇಜಿನಲ್ಲಿ ಕನ್ನಡ ಕಲಿಸುವ ಗೆಳತಿ ನನ್ನ ಜೊತೆ ಎಂ.ಎ. ಓದಿದವಳು. ಅಭಿಪ್ರಾಯ ಕೇಳುತ್ತೇನೆ ಎಂದು ಅವಳಿಗೆ ಹೇಳಿದ್ದೆ. ನಿಜಕ್ಕೂ ಹೋದದ್ದು ಬೇಟೆಯನ್ನು ತೋರಿಸಲು.

ಅವಳು ಹುಡುಗಿಯ ಪ್ರಬಂಧವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ನಾನು ಹಾಗೆ ಓದಿರಲಿಲ್ಲ, ಕದ್ದ ಸಾಲುಗಳನ್ನು ಮಾತ್ರ ಹುಡುಕಿದ್ದೆ.

"ಪುಸ್ತಕ ನಿಂಗೆ ಹೆಂಗೆ ಸಿಕ್ತು?" ಎಂದು ಕೇಳಿದಳು.

"ಅವಳೇ ಹೆಸರು ಹಾಕಿದಾಳಲ್ಲ, ಪುಟದ ಸಮೇತ."

"ಎಂತ ಮಾರಾಯ್ತಿ ನೀನು! ಕದಿಯೋಳು ಯಾರಾದ್ರೂ ಮನೆ ವಿಳಾಸ ಬರ್ದಿಟ್ಟು ಹೋಗ್ತಾಳಾ?"

ನಾನು ಸಿಟ್ಟಿನಿಂದಲೇ ವಾದಿಸಿದೆ. ಪುಟದ ಸಂಖ್ಯೆ ಹಾಕಿದ ಮಾತ್ರಕ್ಕೆ ಇನ್ನೊಬ್ಬರ ವಾಕ್ಯ ತನ್ನದಾಗುತ್ತದಾ ಎಂದು ಕೇಳಿದೆ. ಆಗುವುದಿಲ್ಲ, ತಪ್ಪು ತಪ್ಪೇ ಎಂದು ಅವಳೂ ಒಪ್ಪಿದಳು. "ಆದ್ರೆ ಯಾವ ತಪ್ಪು ಅಂತ ನೋಡು," ಎಂದು ಎರಡು ಬಣ್ಣದ ಪೆನ್ಸಿಲ್ ತಂದಿಟ್ಟಳು. ಪುಸ್ತಕದ ವಾಕ್ಯದ ಅಸ್ಥಿಪಂಜರ ಹಾಗೇ ಉಳಿದು ಪದ ಮಾತ್ರ ಬದಲಾದ ಕಡೆಗೆ ಹಳದಿ, ಹುಡುಗಿ ತಾನೇ ಬರೆದ ಕಡೆಗೆ ಹಸಿರು. ಇಬ್ಬರೂ ಸಾಲು ಸಾಲಾಗಿ ಗೀರುತ್ತಾ ಹೋದೆವು. ಹಳದಿ ಮೂರು ಪ್ಯಾರಾಗಳಲ್ಲಿ ಮಾತ್ರ ಇತ್ತು, ಮೂರೂ ಅವಳು ಕೊಟ್ಟ ಪುಟಗಳಿಂದಲೇ ಬಂದವು. ಮಿಕ್ಕದ್ದೆಲ್ಲ ಹಸಿರು. ಅದರಲ್ಲಿ ಒಂದು ಕಡೆ, "ನಮ್ಮ ಮನೆಗೆ ಬರುವ ನೆಂಟರು ಕೋಟೆ ನೋಡಲು ಹೋಗುತ್ತಾರೆ. ನಾವು ಅದನ್ನು ದಾಟಿ ಬಸ್ಸಿಗೆ ಹೋಗುತ್ತೇವೆ," ಎಂದಿತ್ತು. ಇಂಥ ಸಾಲನ್ನು ಓದದೆ ಸೊನ್ನೆ ಹಾಕಿದ್ದೆನಲ್ಲ ಎಂದು ಮುಖ ಬಿಸಿಯಾಯಿತು.

ಗೆಳತಿ ಅಷ್ಟಕ್ಕೇ ಬಿಡಲಿಲ್ಲ. ನಾನು ಅತಿ ಹೆಚ್ಚು ಅಂಕ ಕೊಟ್ಟು "ಅತ್ಯುತ್ತಮ" ಎಂದು ಬರೆದು ತರಗತಿಯಲ್ಲಿ ಹೊಗಳಿ ಓದಿದ್ದ, ಒಬ್ಬ ಹುಡುಗನ ಕೆಳದಿಯ ಪ್ರಬಂಧವನ್ನು ತೆಗೆದಳು. ಮುದ್ದಾದ ಅಕ್ಷರ, ಎಲ್ಲೂ ಎಡವದ ಭಾಷೆ. "ಹಿಂದಿನ ಅಧ್ಯಾಯದಲ್ಲಿ ನೋಡಿದಂತೆ, ಅಂತಿದೆ ಇಲ್ಲಿ. ನಾಕು ಪುಟದ ಪ್ರಬಂಧಕ್ಕೆ ಅಧ್ಯಾಯ ಎಲ್ಲಿಂದ ಬಂತು?" ಎಂದಳು. ಕೊನೆಯಲ್ಲಿ ಮೂರು ಪುಸ್ತಕಗಳ ಹೆಸರಿದ್ದವು, ಒಂದಕ್ಕೂ ಪುಟದ ಸಂಖ್ಯೆ ಇರಲಿಲ್ಲ. ಗೆಳತಿ ಒಂದು ವಾಕ್ಯವನ್ನು ಫೋನಿನಲ್ಲಿ ಹುಡುಕಿದಳು, ಸಿಗಲಿಲ್ಲ. ಅಪರೂಪದ ಪದಗಳನ್ನು ತೆಗೆದು ವಾಸ್ತವಾಂಶಗಳನ್ನಷ್ಟೇ ಹಾಕಿ ಹುಡುಕಿದಾಗ ಒಂದು ವೆಬ್‌ಸೈಟಿನಲ್ಲಿ ಅಧ್ಯಾಯಗಳಾಗಿ ಬಂದಿದ್ದ ಲೇಖನ ಸಿಕ್ಕಿತು. ಅದೇ ಉದಾಹರಣೆ, ಅದೇ ಕ್ರಮ. ಪ್ರತಿ ವಾಕ್ಯವನ್ನೂ ಹಿಂದುಮುಂದು ಮಾಡಿ, ಪದಗಳನ್ನು ಅದಲುಬದಲು ಮಾಡಿ ಇಳಿಸಲಾಗಿತ್ತು. ಆ ವೆಬ್‌ಸೈಟಿನ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

"ಇದು ಗುರುತು ಅಷ್ಟೇ, ತೀರ್ಪಲ್ಲ. ಇವನನ್ನೂ ಎಲ್ಲರ ಮುಂದೆ ನಿಲ್ಲಿಸ್ಬೇಡ. ಕರ್ದು ಕೇಳು," ಎಂದಳು ಗೆಳತಿ. "ಅವಳನ್ನೂ ಕೇಳ್ಬೇಕಿತ್ತು."

ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಯಾವಳು ದಾರಿ ತೋರಿಸಿದಳೋ ಅವಳನ್ನು ಹಿಡಿದಿದ್ದೆ, ಯಾವನು ದಾರಿ ಅಳಿಸಿದನೋ ಅವನಿಗೆ ಶಭಾಷ್ ಎಂದಿದ್ದೆ. ನನ್ನ ಮೂಗಿಗೆ ಹತ್ತಿದ್ದು ಕಳ್ಳತನದ ವಾಸನೆಯೇ ಅಲ್ಲ, ಒರಟು ಭಾಷೆಯ ನಡುವೆ ಸಿಕ್ಕ ಚಂದದ ವಾಕ್ಯದ ವಾಸನೆ. ಹಿಂದಿನ ಬೆಂಚಿನ ಹುಡುಗಿ ಚೆನ್ನಾಗಿ ಬರೆಯಲಾರಳು ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ನಾಚಿಕೆಯಾಯಿತು.

ಮರುದಿನ ಹುಡುಗನನ್ನು ಒಬ್ಬನೇ ಇರುವಾಗ ಕರೆದು ಅವನ ಪ್ರಬಂಧದ ಒಂದು ಪ್ಯಾರಾವನ್ನು ವಿವರಿಸಲು ಹೇಳಿದೆ. ಅವನಿಗೆ ಏನೂ ತಿಳಿದಿರಲಿಲ್ಲ. "ಹುಡುಕಿದ್ರೆ ಸಿಗ್ಬಾರ್ದು ಅಂತ ಬದಲಾಯ್ಸಿದ್ದೆ ಮೇಡಂ," ಎಂದ, ತಲೆ ತಗ್ಗಿಸಿ. ಆ ಅಂಕ ರದ್ದಾಗುತ್ತದೆ, ಬೇರೆ ವಿಷಯದ ಮೇಲೆ ಹೊಸದಾಗಿ ಬರೆದು ನನ್ನೆದುರೇ ವಿವರಿಸಬೇಕು ಎಂದೆ. ಒಪ್ಪಿದ.

ಹುಡುಗಿಯ ಮನೆಗೆ ಫೋನ್ ಮಾಡಲು ಮಾತ್ರ ಸಂಜೆಯವರೆಗೆ ಧೈರ್ಯ ಬರಲಿಲ್ಲ. ಅವಳ ಅಮ್ಮ ಎತ್ತಿದರು. "ಜ್ವರ ಅಂತ ಮಲಗಿದಾಳೆ ಮೇಡಂ. ಓದೋದು ಸಾಕು ಅಂತಾಳೆ, ಎಂತಕ್ಕೆ ಅಂತ ಹೇಳಲ್ಲ. ನೀವೇ ಫೋನ್ ಮಾಡಿ ಕೇಳಿದ್ರಲ್ಲ, ದೊಡ್ಡ ಮನಸ್ಸು ನಿಮ್ದು," ಎಂದರು. ಅವಳು ಮನೆಯಲ್ಲಿ ನನ್ನ ಹೆಸರೆತ್ತಿರಲಿಲ್ಲ. ನಾನೇ ಕಾರಣ ಎಂದು ಅವರಿಗೆ ಹೇಳಿ, ಅವಳನ್ನು ಕಾಲೇಜಿಗೆ ಕಳಿಸಿ ಎಂದು ಕೇಳಿಕೊಂಡೆ. "ಕಳಿಸ್ತೀನಿ," ಎಂದರು.

ಅವಳು ಬಂದ ದಿನ, ಯಾವ ತರಗತಿಯ ಎದುರು ಅವಳನ್ನು ನಿಲ್ಲಿಸಿದ್ದೆನೋ ಅದರ ಎದುರೇ ನಿಂತು, ನಾನು ಆಡಿದ ಮಾತು ತಪ್ಪು, ಅವಳು ಕದ್ದಿಲ್ಲ ಎಂದು ಹೇಳಿದೆ. ನಕ್ಕಿದ್ದ ಮಕ್ಕಳು ಬೆಂಚು ನೋಡುತ್ತಾ ಕೂತರು. ಅವಳು ತಲೆ ಎತ್ತಲಿಲ್ಲ.

ಆಮೇಲೆ ಸ್ಟಾಫ್ ರೂಮಿನಲ್ಲಿ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. ಇದನ್ನು ಹೇಗೆ ಬರೆದೆ?

ಆ ಪುಸ್ತಕವನ್ನು ಲೈಬ್ರರಿಯಿಂದ ವಿದ್ಯಾರ್ಥಿಗಳಿಗೆ ಮನೆಗೆ ಕೊಡುವುದಿಲ್ಲ. ನಗರದ ಬಸ್ಸಿನ ಹೊತ್ತಾಗುತ್ತಿತ್ತು ಎಂದು ಅವಳು ಬೇಕಾದ್ದನ್ನು ಹಾಳೆಗಳಲ್ಲಿ ಬಡಬಡನೆ ಬರೆದುಕೊಂಡಿದ್ದಳು. ನಡುವೆ ತನಗೆ ತೋಚಿದ್ದನ್ನೂ ಅದರಲ್ಲೇ ಬರೆದಿದ್ದಳು. "ಮನೇಲಿ ನೋಡಿದ್ರೆ ಎಲ್ಲಾ ನನ್ನ ಅಕ್ಷರನೇ ಮೇಡಂ. ಯಾವ್ದು ಪುಸ್ತಕದ್ದು, ಯಾವ್ದು ನಂದು ಗೊತ್ತಾಗ್ಲಿಲ್ಲ. ಪದ ಬದಲಾಯ್ಸಿದ್ರೆ ಸ್ವಂತ ಮಾತು ಆಗ್ತದೆ ಅಂದ್ಕೊಂಡೆ."

ಸ್ವಂತ ಮಾತಿನಲ್ಲಿ ಬರೆಯಿರಿ ಎಂದು ನಾನು ಹೇಳಿದ್ದೇನೋ ನಿಜ, ಅದು ಹೇಗೆಂದು ಒಂದು ದಿನವೂ ಕಲಿಸಿರಲಿಲ್ಲ.

ಸೊನ್ನೆ ಹೊಡೆದು ಹಾಕಿದೆ. ಅಂಕ ಕಳಿಸುವ ಮೊದಲು ತಿದ್ದಿ ಬರೆಯಲು ಅವಳಿಗೆ ಸಮಯವಿತ್ತು. ಮೊದಲ ಪುಟದಲ್ಲಿ, ಈ ಸಲ ನೀಲಿ ಪೆನ್ನಿನಲ್ಲಿ, ಹೊಸ ಟಿಪ್ಪಣಿ ಬರೆದೆ. "ಬಸ್ಸಿಗೆ ಹೋಗುವ ಸಾಲು ಈ ಪ್ರಬಂಧದ ಜೀವ. ನೀನು ಕಂಡದ್ದು ಇನ್ನೂ ಬರಲಿ. ಹಳದಿ ಗೀರಿದ ಪ್ಯಾರಾಗಳಲ್ಲಿ ಪದ ಬದಲಾಗಿದೆ, ವಾಕ್ಯ ಪುಸ್ತಕದ್ದೇ. ಪುಸ್ತಕ ಮುಚ್ಚಿಟ್ಟು, ಅದು ಹೇಳುವುದನ್ನು ಮನೆಯವರಿಗೆ ಹೇಳಿದಂತೆ ಬರಿ. ಆಮೇಲೆ ತೆರೆದು ಹೋಲಿಸು. ಅದರ ಮಾತೇ ಬೇಕೆನಿಸಿದರೆ ಉದ್ಧರಣ ಚಿಹ್ನೆ ಹಾಕು. ಎರಡರಲ್ಲಿ ಯಾವುದಾದರೂ ಸರಿ, ಪುಟದ ಸಂಖ್ಯೆ ಅಲ್ಲಲ್ಲೇ ಇರಲಿ. ಟಿಪ್ಪಣಿ ಮಾಡಿಕೊಳ್ಳುವಾಗಲೂ ಪುಸ್ತಕದ್ದು ಒಂದು ಕಡೆ, ನಿನ್ನದು ಒಂದು ಕಡೆ."

ಒಳ್ಳೆಯ ಟಿಪ್ಪಣಿ ಬರೆದೆ ಎಂದು ಸ್ವಲ್ಪ ಸಮಾಧಾನವಾಗಿತ್ತು. ವಾರ ಕಳೆದು ಅವಳು ಹೊಸ ಪ್ರಬಂಧ ತಂದಳು. ನಾನು ಮೆಚ್ಚಿದ್ದ ಬಸ್ಸಿನ ಸಾಲು, ಪುಸ್ತಕದ ವಿಷಯ ಎಲ್ಲ ಪೆನ್ನಿನಲ್ಲಿ, ಪುಸ್ತಕದಿಂದ ತೆಗೆದ ಪ್ರತಿಯೊಂದಕ್ಕೂ ಪುಟದ ಸಂಖ್ಯೆ. ಒಂದೂ ತಪ್ಪಿರಲಿಲ್ಲ. ಮೂರನೇ ಪುಟದಲ್ಲಿ ಮಾತ್ರ ಎರಡು ವಾಕ್ಯ ಪೆನ್ಸಿಲ್‌ನಲ್ಲಿದ್ದವು, ಎಷ್ಟು ತೆಳುವಾಗಿ ಎಂದರೆ ಹಾಳೆಯನ್ನು ಬೆಳಕಿಗೆ ಹಿಡಿಯಬೇಕಾಯಿತು. "ಕೊಳದ ಮೆಟ್ಟಿಲುಗಳ ಎತ್ತರ ಕಡಿಮೆ. ಕೊಡ ಹೊತ್ತು ಹತ್ತುವವರನ್ನು ನೆನೆದು ಕಟ್ಟಿರಬೇಕು."

ಇಷ್ಟು ವರ್ಷದಲ್ಲಿ ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಆ ಕೋಟೆಗೆ ಹೋಗಿದ್ದೇನೆ. ಆ ಮೆಟ್ಟಿಲುಗಳನ್ನು ನಾನು ಹಾಗೆ ನೋಡಿರಲಿಲ್ಲ.

"ಇದು ಯಾಕೆ ಪೆನ್ಸಿಲ್?" ಎಂದು ಕೇಳಿದೆ.

"ಅದು ಯಾವ ಪುಸ್ತಕದಲ್ಲೂ ಇಲ್ಲ ಮೇಡಂ, ನಾನೇ ಯೋಚ್ನೆ ಮಾಡಿದ್ದು," ಎಂದಳು. ಆಮೇಲೆ, ಕೈಯಲ್ಲಿ ರಬ್ಬರ್ ಹಿಡಿದುಕೊಂಡೇ ಕೇಳಿದಳು, "ಬರೀಬಹುದಾ? ಇಲ್ಲಾಂದ್ರೆ ಅಳಿಸ್ತೀನಿ."