ಬಳೆಗಾರರ ಮಗಳು ಓದಿದ ಟೈರು

ಕಿತ್ತೂರಿನ ಬಳೆಗಾರರ ಮನೆಯ ಮಗಳು ಅನ್ವರಬಿ ಬೈಲಹೊಂಗಲದ ಟೈರ್ ಅಂಗಡಿಗೆ ಸೊಸೆಯಾಗಿ ಬಂದಾಗ, ಆಕೆಯ ತವರಿನವರು ನಕ್ಕಿದ್ದರು. ಗಾಜಿನ ಬಳೆ ಇಡಿಸುವ ಕೈಗೆ ರಬ್ಬರಿನ ಬಳೆ ಬಂತು ಅಂತ. ಅನ್ವರಬಿಯೂ ನಕ್ಕಳು. ಆದರೆ ವರ್ಷ ಒಪ್ಪತ್ತಿನಲ್ಲಿ ಆ ಮಾತನ್ನು ಆಕೆ ನಿಜ ಮಾಡಿಬಿಟ್ಟಳು. ಬಳೆಗೆ ಎರಡು-ನಾಲ್ಕು, ಎರಡು-ಆರು ಅಂತ ಅಳತೆ ಇದ್ದರೆ ಟೈರಿಗೂ ಅಳತೆ ಉಂಟು. ಅಳತೆ ತಪ್ಪಿದರೆ ಅಲ್ಲಿ ಕೈ ಕೊಯ್ಯುತ್ತದೆ, ಇಲ್ಲಿ ಗಾಡಿ ಬೀಳುತ್ತದೆ. ಇಷ್ಟು ತಿಳಿದ ಮೇಲೆ ಉಳಿದದ್ದೆಲ್ಲ ಬರೀ ರೂಢಿ.

ಗಂಡ ಖಾಸಿಮಸಾಬ ಟೈರ್ ಬಿಚ್ಚುವುದರಲ್ಲಿ, ಕೂಡಿಸುವುದರಲ್ಲಿ ಎತ್ತಿದ ಕೈ. ಆದರೆ ಹುಬ್ಬಳ್ಳಿಗೆ ಫೋನ್ ಹಚ್ಚಿ ಮಾಲು ಹೇಳುವುದೆಂದರೆ ಅವನಿಗೆ ಬೇಸರ. ಆ ಕೆಲಸ ಹೆಂಡತಿಯ ಪಾಲಿಗೆ ಬಂತು. ಸಾಲೆಯಲ್ಲಿ ಇಂಗ್ಲಿಷ್ ಅಕ್ಷರ ಮುಟ್ಟದ ಅನ್ವರಬಿ ಇಂಗ್ಲಿಷ್ ಕಲಿತದ್ದು ಟೈರಿನ ಮೈಮೇಲೆ. ಟೈರಿನ ಪಕ್ಕೆಯ ಮೇಲೆ ಉಬ್ಬಿ ನಿಂತ ಅಕ್ಷರಗಳ ಮೇಲೆ ಬೆರಳಾಡಿಸಿ, ಇದು ಅಗಲ, ಇದು ರಿಂಗಿನ ಇಂಚು, ಇದು ಹೊರುವ ಭಾರದ ಅಂಕಿ, ಇದು ಮಾಡಿದವರ ಹೆಸರು ಅಂತ ಒಂದೊಂದಾಗಿ ಕಲಿತಳು. ಅವಳದೊಂದು ಕಟ್ಟಳೆಯೂ ಇತ್ತು: ಹಳೆಯ ಟೈರು ಕಣ್ಣಿಗೆ ಬೀಳದೆ ಹೊಸ ಟೈರಿಗೆ ಆರ್ಡರ್ ಇಲ್ಲ. ಬಾಯಿಮಾತಿನ ಮೇಲೆ ಬಳೆ ಇಡಿಸಿದವಳು ಉಂಟೇ? ಹೂಲಿಯವರಿರಲಿ, ಮನೋಳಿಯವರಿರಲಿ, ಹರಿದ ಟೈರನ್ನು ಬಸ್ಸಿನ ಟಾಪಿನ ಮೇಲೆ ಹೇರಿಕೊಂಡು ಬರಲೇಬೇಕು. ಬೈದುಕೊಂಡೇ ಬರುತ್ತಿದ್ದರು, ಆದರೆ ಬರುತ್ತಿದ್ದರು.

ಕಟ್ಟಳೆಗೆ ಕುತ್ತು ಬಂದದ್ದು ಎರಡು ಸಾವಿರದ ಒಂಬತ್ತರಲ್ಲಿ, ಒಂದು ಮಧ್ಯಾಹ್ನ.

ಕಟಕೋಳದಿಂದ ಸಾವಿತ್ರೆವ್ವನ ಫೋನು ಬಂತು. ಸಾವಿತ್ರೆವ್ವ ಅಲ್ಲಿಯ ಹೆಣ್ಣುಮಕ್ಕಳ ಹಾಲಿನ ಸಂಘದ ಅಧ್ಯಕ್ಷೆ. ಸುತ್ತಲಿನ ಹಳ್ಳಿಗಳ ಹಾಲನ್ನು ರಾಮದುರ್ಗದ ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸುವ ಕೆಲಸವನ್ನು ಸಂಘಕ್ಕೇ ಕೊಡಿರೆಂದು ವರ್ಷಗಟ್ಟಲೆ ಬೆನ್ನು ಹತ್ತಿ, ಸಂಘದ ಹೆಣ್ಣುಮಕ್ಕಳೆಲ್ಲ ಕೂಡಿ ಒಂದು ಪಿಕಪ್ ಗಾಡಿ ತಂದಿದ್ದರು. ಮರುದಿನ ಬೆಳಿಗ್ಗೆ ಮೊದಲನೆಯ ಟ್ರಿಪ್. ಆ ದಿನ ಹಾಲು ತಪ್ಪಿದರೆ ಆ ಕೆಲಸ ಹೊರಗಿನ ಗುತ್ತಿಗೆದಾರನಿಗೆ ಹೋಗುತ್ತದೆಂದು ಕೇಂದ್ರದವರು ಖಡಾಖಂಡಿತವಾಗಿ ಹೇಳಿದ್ದರು. ಅಂಥ ಹೊತ್ತಿನಲ್ಲಿ ಹಿಂದಿನ ಬಲಗಡೆ ಟೈರು ಕಲ್ಲಿಗೆ ಬಡಿದು ಸಿಡಿದಿತ್ತು. ಸ್ಟೆಪ್ನಿಯಂತೂ ಮೊದಲೇ ನೂಲು ಬಿಟ್ಟು ಕೂತಿತ್ತು.

"ಅಕ್ಕಾರ, ಹದಿನೈದ ಇಂಚಿನ ಪಿಕಪ್ ಟೈರ್ ರೀ. ಒಂದು ಕಳಸಿಬಿಡ್ರಿ. ನಾಳೆ ಮುಂಜಾನೆ ಹಾಲು ಹೋಗಲಿಲ್ಲಂದ್ರ ಊರಾಗ ಮುಖ ತೋರಸೂ ಹಂಗಿಲ್ಲ."

"ಹದಿನೈದ ಇಂಚಿಂದು ಹತ್ತ ನಮೂನಿ ಬರ್ತಾವ್ರೀ ಸಾವಿತ್ರೆವ್ವಾರ. ಹಳೇದು ನೋಡದ ನಾ ಹೆಂಗ ತರಸಲಿ?"

"ಟೈರ್ ಹೊತಕೊಂಡು ಅಲ್ಲಿಗೆ ಬಂದು ತಿರುಗಿ ಬರೂದ್ರಾಗ ನಾಳೆ ಆಗ್ತೈತಿ. ನಮ್ಮ ಮಗ ಗೌರೀಶನ ಮೊಬೈಲ್‌ದಾಗ ಫೋಟೋ ಬರ್ತಾವಂತ. ಕಳಸಲೇನ್ರಿ?"

ಅನ್ವರಬಿ ಸೊಸೆ ತಸ್ಲೀಮಳ ಮುಖ ನೋಡಿದಳು. ಫೋಟೋ ತರಿಸಿಕೊಳ್ಳುವಂಥ ಮೊಬೈಲು ಮನೆಯಲ್ಲಿದ್ದದ್ದು ಅವಳ ಹತ್ತಿರವೇ. ತಸ್ಲೀಮ್ ತಲೆ ಆಡಿಸಿದಳು.

ಬಹಳ ಹೊತ್ತಿನ ಮೇಲೆ ಫೋಟೋ ಬಂತು. ಅತ್ತೆ ಸೊಸೆ ಇಬ್ಬರೂ ಪರದೆಗೆ ಮೂಗು ತಾಗಿಸಿದರು. ಫೋಟೋದಲ್ಲಿ ಸಾವಿತ್ರೆವ್ವನ ಗಂಡ ದುಂಡಪ್ಪ ಹೊಸ ಪಟಕ ಸುತ್ತಿಕೊಂಡು ನೆಟ್ಟಗೆ ನಿಂತಿದ್ದ. ಪಕ್ಕದಲ್ಲಿ ಗಾಡಿ. ಮೂಲೆಯಲ್ಲಿ, ಹುಡುಕಿದರೆ ಸಿಗುವಷ್ಟು, ಟೈರು.

"ಅಮ್ಮಿ, ಮದುವಿ ಫೋಟೋ ಕಳಸ್ಯಾರ," ಎಂದು ತಸ್ಲೀಮ್ ನಕ್ಕಳು.

ಮತ್ತೆ ಫೋನು, ಮತ್ತೆ ಫೋಟೋ. ಈ ಸಲ ಟೈರು ತುಂಬಿ ಬಂದಿತ್ತು, ಆದರೆ ಒಂದಕ್ಷರವೂ ಕಾಣದು. ಎಣ್ಣೆ ಹಚ್ಚಿದ ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತಿತ್ತು, ನಡುವೆ ಕುಂಕುಮ ಬೇರೆ. ಅನ್ವರಬಿಗೆ ಸಂಗತಿ ತಿಳಿದುಹೋಯಿತು. ಬೇರೆಯವರ ಮನೆಗೆ ಹೋಗುವ ಫೋಟೋ, ಹೊಲಸಾಗಿ ಹೋಗಬಾರದೆಂದು ಸಾವಿತ್ರೆವ್ವ ಟೈರಿಗೆ ಶೇಂಗಾ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಲಕ್ಷಣವಾಗಿ ಕಳಿಸಿದ್ದಳು. ಕನ್ಯೆ ತೋರಿಸುವವರು ಮಾಡುವುದನ್ನೇ ಮಾಡಿದ್ದಳು, ತಪ್ಪೇನು? ತಪ್ಪೆಂದರೆ ಕರಿಯ ಟೈರಿನ ಮೇಲೆ ಅಕ್ಷರವೂ ಕರಿದೇ. ಮೇಲೆ ಎಣ್ಣೆ ಬಿದ್ದರೆ ಬಿಸಿಲು ಹೊಳೆದು ಎಲ್ಲ ಒಂದಾಗುತ್ತದೆ.

"ಸಾವಿತ್ರೆವ್ವಾರ, ಸಿಟ್ಟಾಗಬ್ಯಾಡ್ರಿ. ಸೋಪಿನ ನೀರು ಹಾಕಿ ಎಣ್ಣಿ ತೊಳಿರಿ. ಚೊಲೋ ಒರಸ್ರಿ. ಡೇರಿ ಬೋರ್ಡಿಗೆ ಬರಿಯೂ ಸೀಮಿಸುಣ್ಣ ಐತೆಲ್ಲ, ಅದನ್ನ ಮಲಗಿಸಿ ಅಕ್ಷರದ ಮ್ಯಾಲೆ ತಿಕ್ಕರಿ. ಉಬ್ಬಿದ್ದು ಬೆಳ್ಳಗಾಗ್ತೈತಿ, ತಗ್ಗು ಕರ್ರಗ ಉಳೀತೈತಿ. ಆಮ್ಯಾಲೆ ಬಿಸಿಲಿಗೆ ಅಡ್ಡ ನಿಂತು, ಹತ್ತರದಿಂದ ತುಣುಕು ತುಣುಕು ಹೊಡೀರಿ. ಇಡೀ ಟೈರ್ ಬ್ಯಾಡ. ದುಂಡಪ್ಪಣ್ಣನೂ ಬ್ಯಾಡ."

ಮೂರನೆಯ ಸಲ ಬಂದ ಫೋಟೋಗಳನ್ನು ನೋಡಿ ಅನ್ವರಬಿಯ ಮೈ ಜುಮ್ಮೆಂದಿತು. ಕಪ್ಪು ಹಲಗೆಯ ಮೇಲೆ ಮಾಸ್ತರ ಬರೆದ ಹಾಗೆ ಅಕ್ಷರಗಳು ಎದ್ದು ನಿಂತಿದ್ದವು. ಒಂದರಲ್ಲಿ 195 R 15, ಅದರ ಹಿಂದೆಯೇ ಒಂದು C. ಇನ್ನೊಂದರಲ್ಲಿ ಮಾಡಿದವರ ಹೆಸರು, VAJRA. ಮೂರನೆಯದರಲ್ಲಿ ಇರಬೇಕಾದದ್ದು ಭಾರದ ಅಂಕಿ. ಟೈರು ಸಿಡಿದ ಸೀಳು ಸರಿಯಾಗಿ ಅಲ್ಲೇ ಹಾದಿತ್ತು. ಮೊದಲಿನ ಭಾಗ ಹರಿದುಹೋಗಿ, ಉಳಿದದ್ದು ಇಷ್ಟೇ: 6/104R.

ಹುಬ್ಬಳ್ಳಿಯ ಡೀಲರ ಅಂಗಡಿಯಲ್ಲಿ ಫೋನ್ ಎತ್ತುವವನು ಬಸಲಿಂಗಪ್ಪ. ಅಳತೆ ಕೇಳಿದವನೇ ಖುಷಿಯಾದ.

"ಐತ್ರಿ ಅಕ್ಕಾರ, ಅದ ಅಗಲ, ಅದ ಹದಿನೈದ ಇಂಚು. ತೊಂಬತ್ತಾರರ ಅಂಕಿಂದು. ನಾಲ್ಕರ ಬಸ್ಸಿಗೆ ಹಾಕತೇನಿ. ನಿಮ್ಮ ಫೋಟೋದಾಗ ಕಡೀಕ ಆರು ಕಾಣ್ತೈತಿ ಅಂದ್ರಲ್ಲ? ತೊಂಬತ್ತಾರನ ಇರಬೇಕ ತಗೋರಿ."

ಖಾಸಿಮಸಾಬ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. "ಹಾಕಸಿಬಿಡು. ರಿಂಗಿಗೆ ಕೂಡತೈತಿ. ಆಕಿ ಗಾಡಿ ನಡದ್ರ ಸಾಕು," ಎಂದ. ಅವನ ಅವಸರವೂ ಸುಳ್ಳಲ್ಲ. ನಾಲ್ಕರ ಬಸ್ಸು ತಪ್ಪಿದರೆ ಹುಬ್ಬಳ್ಳಿಯ ದಾರಿ ಮುಚ್ಚಿದಂತೆಯೇ.

ಅನ್ವರಬಿ ಆ ಫೋಟೋವನ್ನೇ ಮತ್ತೆ ನೋಡಿದಳು. ಅವಳ ಕಣ್ಣ ಮುಂದೆ ತವರಿನ ಬಳೆ ಮಲಾರ ಬಂತು. ಎರಡು-ಆರರ ಗಾಜಿನ ಬಳೆ, ಎರಡು-ಆರರ ಹಿತ್ತಾಳೆ ಬಳೆ. ಕೈಗೆ ಎರಡೂ ಕೂಡುತ್ತವೆ. ಆದರೆ ಗಾಜಿನ ಬಳೆ ತೊಟ್ಟು ಕೊಡಲಿ ಎತ್ತಿದರೆ? ಕೂಡುವುದು ಬೇರೆ, ತಾಳುವುದು ಬೇರೆ.

"ಬಸಲಿಂಗಪ್ಪಣ್ಣಾರ, ತೊಂಬತ್ತಾರು ಆಗಾಕ ಸಾಧ್ಯನ ಇಲ್ರಿ," ಎಂದಳು. ದನಿ ಏರಿತ್ತು. "ಗೆರಿ ಬಲಕ್ಕ ನೂರಾ ನಾಲ್ಕು ಐತಿ. ಗೆರಿ ಎಡಕ್ಕಿನ ಅಂಕಿ ಒಂಟಿ ಗಾಲಿಂದು, ಬಲಕ್ಕಿಂದು ಜೋಡಿ ಗಾಲಿಂದು. ಜೋಡಿ ಹಾಕಿದಾಗ ಒಂದೊಂದು ಟೈರಿನ ಮ್ಯಾಲಿನ ಭಾರ ಕಡಿಮಿ ಹಿಡೀತಾರ. ಜೋಡಿಗೇ ನೂರಾ ನಾಲ್ಕು ಇದ್ರ ಒಂಟಿಗೆ ತೊಂಬತ್ತಾರು ಹೆಂಗಾದೀತು? ಎಡಕ್ಕ ಇದ್ದದ್ದು ನೂರಾ ಆರು."

ಆ ಕಡೆ ಬಸಲಿಂಗಪ್ಪ ತನ್ನ ಟೈರಿನ ಅಂಕಿ ಮತ್ತೆ ನೋಡಿದ. "ಹೌದಲ್ರಿ!" ಎಂದ ಬಸಲಿಂಗಪ್ಪ. "ನಂದು ತೊಂಬತ್ತಾರು ಕಾರಿನ ಜಾತಿದು. ಗೆರೀನ ಇಲ್ಲ ಅದಕ್ಕ."

"ಅದು ಹೊರೂದು ಏಳನೂರಾ ಹತ್ತು ಕಿಲೋ. ಇದು ಒಂಬೈನೂರಾ ಐವತ್ತು. ಹಿಂದ ಖಾಲಿ ಗಾಡಿ ಭಾರ, ಮ್ಯಾಲೆ ತುಂಬಿದ ಇಪ್ಪತ್ತೈದು ಕ್ಯಾನ್. ನಡದಾರ್ಯಾಗ ಬಾಯಿ ಬಿಟ್ರ ಹಾಲು ಮಣ್ಣಪಾಲು, ಡ್ರೈವರ್ ದೇವರ ಪಾಲು."

ಆದರೂ ಊಹೆಯ ಮೇಲೆ ಬಿಡುವ ಹೆಂಗಸಲ್ಲ. ಇನ್ನೊಂದು ಫೋಟೋ ತರಿಸಿದಳು: ಕೆಳಗೆ ಸಣ್ಣಕ್ಷರದಲ್ಲಿ ಅತಿ ಹೆಚ್ಚಿನ ಭಾರ ಬರೆದ ಸಾಲು. ಸೀಮೆಸುಣ್ಣದ ಪುಡಿಯ ನಡುವೆ 950 KG ಎಂಬುದು ಕಂಡಾಗ ಆಕೆ "ಯಾ ಅಲ್ಲಾ" ಎಂದು ಗಟ್ಟಿಯಾಗಿಯೇ ನಕ್ಕಳು. ಖಾಸಿಮಸಾಬ ಬಗ್ಗಿ ನೋಡಿದ, ತಲೆ ಕೆರೆದುಕೊಂಡ, ಟೈರ್ ಬಿಚ್ಚುವ ತನ್ನ ಲಿವರುಗಳನ್ನು ಚೀಲಕ್ಕೆ ತುಂಬತೊಡಗಿದ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದೇ ಶಹಬ್ಬಾಸ್‌ಗಿರಿ.

ಓದಿದ್ದಾಯಿತು, ಮಾಲು ಎಲ್ಲಿ? ಬಸಲಿಂಗಪ್ಪನ ಹತ್ತಿರ ನೂರಾ ಆರರದು ಇರಲಿಲ್ಲ. ಇಲ್ಲವೆಂದು ಫೋನ್ ಇಡುವ ಮುನ್ನ ಅವನೇ ನೆನಪಿಸಿಕೊಂಡ: ಹೋದ ವಾರ ಸವದತ್ತಿಯ ನಿಜಗುಣಪ್ಪನ ಅಂಗಡಿಗೆ ಅಂಥವು ಹೋಗಿವೆ. ಅನ್ವರಬಿ ನಿಜಗುಣಪ್ಪನಿಗೆ ಫೋನ್ ಹಚ್ಚಿದಳು.

"ಅಣ್ಣಾರ, ಟೈರಿನ ಮುಂದ ಕುಂತು, ಬೆರಳಿಟ್ಟು ಓದ್ರಿ. ನೆನಪಿಂದ ಹೇಳಬ್ಯಾಡ್ರಿ."

"ಏನವಾ, ಸಾಲಿ ಪರೀಕ್ಷಿ ತಗೊಂಡಂಗ ಮಾಡ್ತಿ," ಎಂದು ಗೊಣಗುತ್ತಲೇ ನಿಜಗುಣಪ್ಪ ಓದಿದ. ನೂರಾ ತೊಂಬತ್ತೈದು, ಆರ್, ಹದಿನೈದು, ಸಿ. ನೂರಾ ಆರು, ಗೆರೆ, ನೂರಾ ನಾಲ್ಕು, ಆರ್. ವಜ್ರ. ಎಡಗಡೆಯ ಗಾಲಿಯ ಮೇಲಿದ್ದುದೂ ಅದೇ ವಜ್ರ ಎಂದು ಗೌರೀಶ ಮೊದಲೇ ಹೇಳಿದ್ದ. ಒಂದೇ ಅಚ್ಚಿನ ಮೇಲೆ ಎರಡು ನಮೂನೆ ಹಾಕುವ ಗೊಡವೆಯೂ ತಪ್ಪಿತು. ಹುಬ್ಬಳ್ಳಿಯ ಬಸ್ಸು ಕಾಯುವುದೂ ಬೇಡವಾಯಿತು. ಸವದತ್ತಿಯೆಂದರೆ ಕಟಕೋಳದ ದಾರಿಯಲ್ಲೇ.

ಖಾಸಿಮಸಾಬ ಸಿಕ್ಕ ಬಸ್ಸು ಹಿಡಿದು ಸವದತ್ತಿಯಲ್ಲಿಳಿದು, ಟೈರನ್ನು ಟಾಪಿಗೆ ಹೇರಿ ಕಟಕೋಳ ಮುಟ್ಟಿದಾಗ ಇನ್ನೂ ದೀಪ ಹಚ್ಚುವ ಹೊತ್ತು. ಸಂಘದ ಹೆಣ್ಣುಮಕ್ಕಳೆಲ್ಲ ಗಾಡಿಯ ಸುತ್ತ ನೆರೆದಿದ್ದರಂತೆ. ಅವನು ಕೂಡಿಸಿ, ಗಾಳಿ ತುಂಬಿ, ನಟ್ಟು ಬಿಗಿದು ಎದ್ದಾಗ ಸಾವಿತ್ರೆವ್ವ ಎಣ್ಣೆಯ ಬಟ್ಟಲು ಹಿಡಿದು ಬಂದಳಂತೆ. "ಬ್ಯಾಡವಾ ತಾಯಿ, ಇದಕ್ಕೂ ಎಣ್ಣಿ ಬಡದ್ರ ನನ್ನ ಹೇಂತಿ ನನ್ನ ಮನಿಯೊಳಗ ಬಿಟಗೊಳ್ಳಂಗಿಲ್ಲ," ಎಂದು ಇವನು ಕೈ ಮುಗಿದನಂತೆ. ಕುಂಕುಮ ಮಾತ್ರ ಇಟ್ಟರು.

ಮರುದಿನ ಬೆಳಿಗ್ಗೆ ಅನ್ವರಬಿ ಅಂಗಡಿಯ ಬಾಗಿಲು ತೆಗೆದಳು. ಮುಂದಿನ ರಸ್ತೆ ಕಸ ಹೊಡೆದಳು, ಹೊಡೆದದ್ದನ್ನೇ ಮತ್ತೆ ಹೊಡೆದಳು. ಫೋನು ಮಾತಾಡಲೊಲ್ಲದು. ತಾನೇ ಹಚ್ಚಲು ಧೈರ್ಯವಾಗದು. ಓದಿದ್ದು ಸರಿ, ಅದರಲ್ಲಿ ಅನುಮಾನವಿಲ್ಲ. ಆದರೆ ರಾಮದುರ್ಗದ ದಾರಿಯ ಕಲ್ಲುಗಳಿಗೆ ಅವಳ ಓದು ಏನು ಗೊತ್ತು?

ಬಿಸಿಲೇರಿದ ಮೇಲೆ ತಸ್ಲೀಮ್ ಮೊಬೈಲು ಹಿಡಿದು ಓಡಿ ಬಂದಳು. "ಅಮ್ಮಿ, ಫೋಟೋ ಬಂತು!"

ಅನ್ವರಬಿ ಕಸಬರಿಗೆ ಕೆಳಗೆ ಹಾಕಿ, ಕೈ ಒರೆಸಿಕೊಂಡು ಮೊಬೈಲು ತೆಗೆದುಕೊಂಡಳು. ಶೀತಲೀಕರಣ ಕೇಂದ್ರದ ಅಂಗಳ. ಇಳಿಸಿದ ಕ್ಯಾನುಗಳ ಸಾಲು. ಗಾಡಿಯ ಮುಂದೆ ಸಾವಿತ್ರೆವ್ವ, ಅವಳ ಎಡಬಲಕ್ಕೆ ಸಂಘದ ಹೆಣ್ಣುಮಕ್ಕಳು, ಎಲ್ಲರ ಹಲ್ಲೂ ಕಾಣುವ ಹಾಗೆ ನಗು. ಅವರ ಸೀರೆಗಳ ಹಿಂದೆ ಟೈರು ಪೂರ್ತಿ ಮುಚ್ಚಿಹೋಗಿತ್ತು.

"ಟೈರ್ ಎಲ್ಲಿ ಐತ್ರಿ ಇದರಾಗ? ಮತ್ತ ಹೊಡ್ಯಾಕ ಹೇಳಲೇನು?" ಎಂದಳು ತಸ್ಲೀಮ್.

"ಬ್ಯಾಡವಾ," ಎಂದಳು ಅನ್ವರಬಿ. "ಇದು ಚೊಲೋ ಬಂದೈತಿ."

ಆ ಫೋಟೋದಲ್ಲಿ ಓದುವಂಥದ್ದು ಒಂದು ಅಕ್ಷರವೂ ಇರಲಿಲ್ಲ. ಆದರೂ ಅವಳು ಅದನ್ನು ಹಿಡಿದುಕೊಂಡು ಅಂಗಡಿಯ ಮುಂದೆ ಬಹಳ ಹೊತ್ತು ನಿಂತಳು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಕರೆದು ತೋರಿಸಿದಳು.