ಎದುರಾಳಿಯ ಮಾತು ಮೊದಲು

ವಾದದಲ್ಲಿ ಸೋಲುವುದೆಂದರೆ ಆ ಹುಡುಗಿಗೆ ಬಿಸಿ ಅನ್ನದ ಮುಂದಿನಿಂದ ಎದ್ದುಹೋದಷ್ಟು ಕಷ್ಟ. ವಕೀಲಮ್ಮ ಎಂಬ ಹೆಸರಿಟ್ಟವಳು ಅಮ್ಮನೇ. ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಇವಳಿಗೆ ಹಲ್ಲಿಗಿಂತ ಮೊದಲು ಬಾಯಿ ಬಂತು," ಎನ್ನುತ್ತಿದ್ದಳು.

ಹತ್ತನೇ ತರಗತಿಯಲ್ಲಿ, ಶಾಲೆಯ ಚರ್ಚಾ ತಂಡಕ್ಕೆ ಒಂದೇ ಜಾಗ ಉಳಿದಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು: ವಕೀಲಮ್ಮ ಮತ್ತು ಅವಳ ಬೆಂಚಿನಲ್ಲೇ ಕೂರುವ ಡಾಕ್ಟರ ಮಗಳು. ಅಣು ವಿದ್ಯುತ್ ಸ್ಥಾವರ ಬೇಕೇ, ಬೇಡವೇ ಎಂಬುದು ವಿಷಯ. ಚೀಟಿ ಎತ್ತಿದಾಗ ವಕೀಲಮ್ಮನಿಗೆ ‘ಬೇಕು’ ಬಂತು.

ವಿಜ್ಞಾನದ ಮೇಡಂ ಅವರದೊಂದು ಕಟ್ಟಳೆಯಿತ್ತು. ಯಾರೇ ಮಾತಾಡಲಿ, ಮೊದಲು ಎದುರಾಳಿಯ ವಾದವನ್ನು ಹೇಳಬೇಕು. ಎದುರಾಳಿ ಒಪ್ಪಿದ ಮೇಲೆಯೇ ತಮ್ಮದನ್ನು ಶುರುಮಾಡಬೇಕು. ಒಬ್ಬೊಬ್ಬರಿಗೆ ಇದ್ದದ್ದು ಐದೇ ನಿಮಿಷ.

ಸ್ಥಾವರ ಒಡೆದರೆ ವಿಕಿರಣ ಹರಡುತ್ತದೆಂಬುದೇ ಇವಳ ಭಯ ಎಂದಳು ವಕೀಲಮ್ಮ.

"ಅಷ್ಟೇ ಅಲ್ಲ," ಎಂದಳು ಡಾಕ್ಟರ ಮಗಳು, ಉಗುರು ನೋಡಿಕೊಳ್ಳುತ್ತ.

ಸಾವಿರಾರು ವರ್ಷ ಕಾಯಬೇಕಾದ ತ್ಯಾಜ್ಯದ ಮಾತು ಬಂತು. ಅದಕ್ಕೂ ‘ಅಷ್ಟೇ ಅಲ್ಲ’. ಕಟ್ಟುವ ಖರ್ಚು ಹೇಳಿದಳು. ‘ಇನ್ನೂ ಇದೆ’. ಡಾಕ್ಟರ ಮಗಳು ಬೇಕೆಂದೇ ಹೊತ್ತು ತಿನ್ನುತ್ತಿದ್ದಾಳೆಂದು ಇಡೀ ತರಗತಿಗೆ ತಿಳಿಯಿತು. ಮೇಡಂ ಗಡಿಯಾರವನ್ನಷ್ಟೇ ನೋಡಿದರು.

ವಕೀಲಮ್ಮ ತನ್ನ ಭಾಷಣದ ಹಾಳೆಯನ್ನು ಮಡಚಿ ಬೆಂಚಿನ ಮೇಲೆ ಕುಕ್ಕಿದಳು. ಸ್ಥಾವರವನ್ನು ನಿಲ್ಲಿಸಿದರೂ ಒಳಗಿನ ಇಂಧನ ತಟ್ಟನೆ ತಣಿಯುವುದಿಲ್ಲ. ಅದರಿಂದ ಶಾಖ ಬರುತ್ತಲೇ ಇರುತ್ತದೆ. ಕರೆಂಟು ಹೋಗಿ, ಡೀಸೆಲ್ ಜನರೇಟರೂ ಕೈಕೊಟ್ಟು, ನೀರು ಹಾಯಿಸುವ ಪಂಪು ನಿಂತರೆ ಇಂಧನವೇ ಕರಗೀತು. ಆಮೇಲೆ ಸುತ್ತಲಿನವರು ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕು, ಎಂದು ಹಿಂದಿನ ಬೆಂಚೂ ಉಸಿರು ಬಿಗಿಹಿಡಿಯುವಂತೆ ಹೇಳಿದಳು.

"ಇನ್ನೇನಾದ್ರೂ ಉಳಿದಿದ್ಯಾ? ಇದ್ರೆ ಹೇಳಮ್ಮ, ಅದನ್ನೂ ಹೇಳ್ಕೊಡ್ತೀನಿ."

ಡಾಕ್ಟರ ಮಗಳು ಹಲ್ಲು ಕಚ್ಚಿ ‘ಸರಿ’ ಎಂದಳು. ವಕೀಲಮ್ಮ ತನ್ನ ಕಡೆಯದಾಗಿ, ಕಲ್ಲಿದ್ದಲಿನ ಹೊಗೆಯಿಲ್ಲದೆ ಹಗಲಿರುಳು ವಿದ್ಯುತ್ ಕೊಡುತ್ತದೆ, ಎನ್ನುವಷ್ಟರಲ್ಲಿ ಐದು ನಿಮಿಷ ಮುಗಿದ ಗಂಟೆ ಹೊಡೆಯಿತು.

ಈಗ ಡಾಕ್ಟರ ಮಗಳ ಸರದಿ. ಕಟ್ಟಳೆಯಂತೆ ಅವಳು ಆ ಹೊಗೆಯ ಮಾತನ್ನೇ ಒಪ್ಪಿಸಿದಳು. ತಾನೂ ಸತಾಯಿಸಬಹುದಿತ್ತು, ಆದರೆ ವಕೀಲಮ್ಮ ತಕ್ಷಣ ‘ಹೌದು’ ಎಂದಳು. ಅದು ದೊಡ್ಡತನವೇನಲ್ಲ. ತರಗತಿ ಆಗಲೇ ಕೇಳಿದ್ದನ್ನೇ ಅವಳು ಮತ್ತೆ ಓದಲಿ ಎಂಬ ಹಟ. ಹಾಗೆಯೇ ಆಯಿತು. ತ್ಯಾಜ್ಯ, ಖರ್ಚು, ಪಂಪು, ಒಂದೊಂದನ್ನೂ ಹಿಂದಿನ ಬೆಂಚಿನವರು ಅವಳಿಗಿಂತ ಮೊದಲೇ ಗುನುಗಿದರು. ಅವಳ ಕಿವಿ ಕೆಂಪಾಯಿತು. ಆದರೂ ಕೊನೆಯ ಸಾಲಿನವರೆಗೆ ಓದಿಯೇ ಕೂತಳು.

ಮೇಡಂ ತಂಡದ ಜಾಗವನ್ನು ಡಾಕ್ಟರ ಮಗಳಿಗೇ ಕೊಟ್ಟು ವಕೀಲಮ್ಮನ ಕಡೆ ತಿರುಗಿದರು. "ಅವಳು ತನ್ನ ವಾದ ಪೂರ್ತಿ ಹೇಳಿದ್ಲು. ನೀನು ನಿನ್ನದು ಎಲ್ಲಿ ಹೇಳ್ದೆ? ಪಂಪಿನ ಮಾತಿಗೆ ನಿನ್ನ ಹತ್ರ ಉತ್ತರ ಇತ್ತಾ?"

ಉತ್ತರ ಮಡಚಿದ ಹಾಳೆಯಲ್ಲಿತ್ತು. ವಕೀಲಮ್ಮ ಅದನ್ನು ತೋರಿಸಲಿಲ್ಲ. ಚೀಲ ಎತ್ತಿಕೊಂಡು ಕಿಟಕಿ ಪಕ್ಕದ ಬೆಂಚಿಗೆ ಹೋದಳು. ವರ್ಷ ಮುಗಿಯುವವರೆಗೂ ಇಬ್ಬರೂ ಮಾತಾಡಲಿಲ್ಲ.

ಗೆದ್ದೆಯಾ ಎಂದು ಸಂಜೆ ಅಮ್ಮ ಕೇಳಿದಳು.

"ಗೆದ್ದೆ. ಅವಳ ಪರವಾಗಿ."

ಅಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿದಳು. "ಹಾಗಾದ್ರೆ ಫೀಸು ಕೇಳ್ಬೇಕಿತ್ತು, ವಕೀಲಮ್ಮ."