ಅಪಘಾತ: ಒಂದು

ಕುಣಿಕೋಣೂರದ ಹತ್ತಿರ ನೀರಾವರಿ ಪೈಪ್‌ಲೈನ್ ಹಾಕುವ ಕೆಲಸಕ್ಕೆ ನಾನು ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಕೆಲಸ ಮುಗಿಯುತ್ತ ಬಂದಿತ್ತು. ಕಂಪನಿ ಇನ್ನೊಂದು ಟೆಂಡರ್ ಹಾಕುವುದಿತ್ತು. ಟೆಂಡರಿನ ಜೊತೆ ಕೆಲಸ ನಡೆಸುವವರ ಪ್ರೊಫೈಲ್ ಕೊಡಬೇಕು, ಅದರ ಕೆಳಗೆ ಅವರ ಸಹಿ ಇರಬೇಕು. ನಮ್ಮ ಸಾಹೇಬರು ಸಾಂಗ್ಲಿಯ ಆಫೀಸಿನಿಂದ ನನ್ನ ಪ್ರೊಫೈಲನ್ನು ತಾವೇ ಬರೆಸಿಕೊಂಡು ಸೈಟಿಗೆ ಬಂದರು.

ಓದುತ್ತ ಹೋದಂತೆ ನನಗೆ ಸಿಟ್ಟು ಏರಿತು. ಪ್ರಾಜೆಕ್ಟ್ ಮೌಲ್ಯ ನೂರಾ ಎಂಬತ್ತು ಕೋಟಿ ಎಂದಿತ್ತು. ಅದು ಇಡೀ ಯೋಜನೆಯದು. ನನ್ನ ಪಾಲಿನದು ನಲವತ್ತೆರಡು. ತಂಡ ಐದುನೂರು ಜನ ಎಂದಿತ್ತು. ನನ್ನ ಕೈಕೆಳಗೆ ಒಂಬತ್ತು ಜನ ಸಿಬ್ಬಂದಿ, ಕೆಲಸ ಜೋರಿದ್ದಾಗ ನೂರಿಪ್ಪತ್ತು ಕೂಲಿಗಳು. ಹದಿನೆಂಟು ತಿಂಗಳ ಕೆಲಸ ಇಪ್ಪತ್ಮೂರು ತಿಂಗಳು ಹಿಡಿದಿತ್ತು. ಅಲ್ಲಿ 'ವೇಳೆಗೆ ಸರಿಯಾಗಿ ಪೂರ್ಣ' ಎಂದು ಬರೆದಿದ್ದರು. ಕೊನೆಯ ಸಾಲು: ಅಪಘಾತ, ಸೊನ್ನೆ.

"ಇದು ಸುಳ್ಳು ಐತ್ರಿ" ಎಂದೆ.

"ಸತ್ತಿಲ್ಲಲ್ರಿ ಯಾರೂ" ಎಂದರು ಸಾಹೇಬರು. "ಒಂದು ಕಾಲು ಮುರದದ್ದಕ್ಕ ಟೆಂಡರ್ ಕಳ್ಕೊಳ್ಳೋದೇನ್ರಿ? ಲಗೂನ ಸಹಿ ಮಾಡ್ರಿ."

ವಳಸಂಗ ಊರಿನ, ನಮ್ಮಲ್ಲಿ ಪೈಪ್ ಜೋಡಿಸುತ್ತಿದ್ದವನ ಕಾಲು ಹೇಗೆ ಮುರಿಯಿತೆಂದು ಅವರಿಗಿಂತ ಚೆನ್ನಾಗಿ ನನಗೆ ಗೊತ್ತು. ತಿಂಗಳ ಕೊನೆಯ ದಿನ. ಮೂರು ಮೀಟರ್ ಆಳದ ಗುಂಡಿ, ಹಿಂದಿನ ರಾತ್ರಿ ಮಳೆಯಾಗಿ ಕರಿಮಣ್ಣು ತೇವವಾಗಿತ್ತು. ಅಗೆದ ಮಣ್ಣು ಗುಂಡಿಯ ಅಂಚಿನಲ್ಲೇ ಬಿದ್ದಿತ್ತು. ಗೋಡೆ ಕುಸಿಯದಂತೆ ಹಾಕುವ ಆಸರೆಯ ಹಲಗೆಗಳು ಇನ್ನೊಂದು ತುದಿಯಲ್ಲಿದ್ದವು; ತರಲು ಅರ್ಧ ದಿನ ಬೇಕಿತ್ತು. "ಎರಡ ಪೈಪ್ ಅದಾವ, ಇಳೀರಿ" ಎಂದವಳು ನಾನೇ. ಗೋಡೆ ಜಾರಿ ಅವನ ತೊಡೆಯ ಮೇಲೆ ಕೂತಿತು. ಕೈಯಿಂದಲೇ ಮಣ್ಣು ಬಗೆದು ತೆಗೆದೆವು. ಮೂರು ತಿಂಗಳು ಅವನು ಕೆಲಸಕ್ಕೆ ಬರಲಿಲ್ಲ. ಬಂದಾಗ ಕುಂಟುತ್ತಿದ್ದ.

ನಾನು ಸಹಿ ಮಾಡಲಿಲ್ಲ. "ನಾ ಬರದ ಕೊಡ್ತೀನ್ರಿ" ಎಂದು, ಸಾಹೇಬರು ನೋಡುತ್ತಿರುವಂತೆಯೇ ಬರೆದೆ. ಮೌಲ್ಯ: ನಲವತ್ತೆರಡು ಕೋಟಿ, ಯೋಜನೆಯ ಒಂದು ಭಾಗ. ಅವಧಿ: ಐದು ತಿಂಗಳು ತಡ, ಮೂರು ತಿಂಗಳು ಜಮೀನು ಸಿಗದೆ, ಎರಡು ತಿಂಗಳು ನಮ್ಮ ತಪ್ಪಿನಿಂದ. ತಂಡ: ಒಂಬತ್ತು ಮತ್ತು ನೂರಿಪ್ಪತ್ತು, ಯಾವ ಹುದ್ದೆಯವರು ಎಷ್ಟು ಎಂಬುದರ ಸಮೇತ. ಸುರಕ್ಷತೆ: ಸಾವು ಇಲ್ಲ, ಕೆಲಸಕ್ಕೆ ಬರಲಾಗದಂಥ ಗಾಯ ಒಂದು, ಆಸರೆ ಇಲ್ಲದೆ ಗುಂಡಿಗೆ ಇಳಿಸಲಾಗಿತ್ತು, ಆಮೇಲೆ ಆಸರೆ ಹಾಕಿ ತಪಾಸಣೆ ಆಗುವವರೆಗೆ ಯಾರನ್ನೂ ಇಳಿಸಲಿಲ್ಲ.

ಸಾಹೇಬರು ಹಾಳೆ ಓದಿ ಮೇಜಿನ ಮೇಲೆ ಎಸೆದರು. "ಇದನ್ನ ಓದಿ ನಿಮಗ ಯಾರು ಕೆಲಸ ಕೊಡ್ತಾರ?"

ಮರುದಿನ ವಳಸಂಗಕ್ಕೆ ಹೋದೆ. ಅವನ ಗಾಯದ ಮಾತನ್ನು ಅವನನ್ನು ಕೇಳದೆ ಬರೆದದ್ದು ಸರಿಯೆನಿಸಲಿಲ್ಲ. "ಬರ್ರಿ ಮೇಡಂ, ಕುಂದ್ರಿ" ಎಂದ. ಹಾಳೆಯನ್ನು ಓದಿ ಹೇಳಿದೆ. "ನನ್ನ ಹೆಸರ ಬ್ಯಾಡ್ರಿ. ಆದ್ರ ಗ್ವಾಡಿ ಬಿದ್ದದ್ದು ಖರೆ ಐತಿ, ಇರ್ಲಿ" ಎಂದ.

ಅವನ ಹೆಂಡತಿ ಚಹಾ ಇಟ್ಟು ನಿಂತಳು. "ಇಳೀರಿ ಅಂದವ್ರು ಯಾರು ಅನ್ನೋದು ಅದರಾಗ ಐತೇನ್ರಿ?"

ಇರಲಿಲ್ಲ. 'ಇಳಿಸಲಾಗಿತ್ತು' ಎಂದು ಬರೆದಿದ್ದೆ. ಸಾಹೇಬರ ಮೇಲಿದ್ದ ಸಿಟ್ಟು ಅಲ್ಲೇ ನನ್ನ ಮೇಲೆ ತಿರುಗಿತು. ಅವಳ ಎದುರಿಗೇ ಆ ಪದ ಹೊಡೆದುಹಾಕಿ ತಿದ್ದಿದೆ: 'ಇಳಿಯಲು ಹೇಳಿದವಳು ನಾನು.' ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಚಹಾದ ಕಪ್ ತೆಗೆದುಕೊಂಡು ಒಳಗೆ ಹೋದಳು.

ಕಂಪನಿ ಟೆಂಡರಿನಲ್ಲಿ ಬೇರೆಯವರ ಪ್ರೊಫೈಲ್ ಹಾಕಿತು. ನಾನು ರಾಜೀನಾಮೆ ಕೊಟ್ಟು ಅದೇ ಹಾಳೆಯನ್ನು ಬೇರೆ ಬೇರೆ ಕಡೆ ಕಳಿಸಿದೆ. ಐದು ಕಂಪನಿಗಳು ಉತ್ತರವನ್ನೇ ಕೊಡಲಿಲ್ಲ. ಆರನೆಯದರಲ್ಲಿ ವಯಸ್ಸಾದ ಎಂಜಿನಿಯರ್ ಒಬ್ಬರು ಸಂದರ್ಶನಕ್ಕೆ ಕರೆದರು. ಕೋಟಿಗಳ ಬಗ್ಗೆ ಕೇಳಲಿಲ್ಲ. "ಆ ದಿನ ಆಸರೆ ಹಾಕೋತನಕ ಕೆಲಸ ಯಾಕ ನಿಲ್ಲಿಸ್ಲಿಲ್ಲ?" ಎಂದಷ್ಟೇ ಕೇಳಿದರು.

"ತಿಂಗಳ ಲೆಕ್ಕದಾಗ ಆ ಎರಡು ಪೈಪ್ ಬೇಕಾಗಿದ್ವ್ರಿ."

ಅವರು ನನ್ನ ಮಾತನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡರು. ಕೆಲಸ ಕೊಟ್ಟರು, ಮ್ಯಾನೇಜರ್ ಎಂದಲ್ಲ, ಉಪ ಮ್ಯಾನೇಜರ್ ಎಂದು. ಅವರ ಮೇಲೆ ಸಿಟ್ಟಾಗಲು ನನಗೆ ಕಾರಣ ಸಿಗಲಿಲ್ಲ. ಉಳಿದ ಐದು ಕಂಪನಿಗಳ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ. ಅವರ ಸೈಟುಗಳಲ್ಲಿ ಸೊನ್ನೆ ಬರೆದವರು ಮ್ಯಾನೇಜರ್ ಆಗಿದ್ದಾರೆ, ಗುಂಡಿಗಳಿಗೆ ಜನ ಇಳಿಯುತ್ತಿದ್ದಾರೆ.